ಒಂದೊಂದು ಕಾಯಿಲ್ 75% ಎಂದರೆ ಒಟ್ಟು ಎಷ್ಟು? ರನ್-ಅರೌಂಡ್ ಲೂಪ್‌ನ ಲೆಕ್ಕ

ಪ್ರಶ್ನೆ: ಪ್ರಯೋಗಾಲಯ ಕಟ್ಟಡವೊಂದಕ್ಕೆ ರನ್-ಅರೌಂಡ್ ಕಾಯಿಲ್ ಹಾಕುವ ಯೋಜನೆ ಇದೆ: ಹೊರಹೋಗುವ ಎಕ್ಸಾಸ್ಟ್ ಗಾಳಿಯಲ್ಲೊಂದು, ಒಳಬರುವ ಸಪ್ಲೈ ಗಾಳಿಯಲ್ಲೊಂದು ಕಾಯಿಲ್, ನಡುವೆ ಪಂಪ್ ಸುತ್ತಿಸುವ ದ್ರವ ಶಾಖವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಫ್ಯೂಮ್ ಹುಡ್‌ಗಳ ಗಾಳಿ ಹೊಸ ಗಾಳಿಯ ಹತ್ತಿರಕ್ಕೂ ಬರಬಾರದು, ಹಾಗಾಗಿ ಶಾಖ ಮರಳಿಸುವ ಚಕ್ರ ಅಥವಾ ಪ್ಲೇಟ್ ಬಳಸುವಂತಿಲ್ಲ. ಸಪ್ಲೈ, ಎಕ್ಸಾಸ್ಟ್ ಎರಡೂ ಸೆಕೆಂಡಿಗೆ 3 ಘನ ಮೀಟರ್. ಒಳಗಿನ ಗಾಳಿ 22 ಡಿಗ್ರಿ, ಹೊರಗಿನದು ವಿನ್ಯಾಸಕ್ಕೆ ಮೈನಸ್ 10. ಕಾಯಿಲ್ ಕೊಡುವವರು ಒಂದೊಂದಕ್ಕೂ 75% ಎಫೆಕ್ಟಿವ್‌ನೆಸ್, ಅಂದರೆ ಸಿಗಬಹುದಾದ ಗರಿಷ್ಠ ಶಾಖದಲ್ಲಿ ನಿಜಕ್ಕೂ ದಾಟುವ ಪಾಲು, ಹೇಳಿದ್ದಾರೆ. ಹಾಗಾದರೆ 87 ಕಿಲೋವ್ಯಾಟ್ ಮರಳಿ ಸಿಗುತ್ತದೆ ಎಂದು ಹೀಟರ್ ಚಿಕ್ಕದು ಮಾಡಬಹುದೇ? ಪಂಪ್ ಗಂಟೆಗೆ 7 ಘನ ಮೀಟರ್, ಪ್ರೊಪಿಲೀನ್ ಗ್ಲೈಕಾಲ್ 50% ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಗುತ್ತಿಗೆ ಸಂಸ್ಥೆಯ ಎಂಜಿನಿಯರ್: ಪಂಪ್ ದೊಡ್ಡದಿರಲಿ ಸರ್. ಹರಿವು ಹೆಚ್ಚಿದಷ್ಟೂ ಕಾಯಿಲ್‌ನ ಎಫೆಕ್ಟಿವ್‌ನೆಸ್ ಏರುತ್ತದೆ, ಆಯ್ಕೆಯ ಸಾಫ್ಟ್‌ವೇರ್‌ನಲ್ಲೇ ನೋಡಬಹುದು. ಗ್ಲೈಕಾಲ್ 50% ಇದ್ದರೆ ಹೆಪ್ಪುಗಟ್ಟುವ ಚಿಂತೆಯೇ ಇಲ್ಲ.

ಕಾಯಿಲ್ ವಿನ್ಯಾಸದಲ್ಲಿರುವವರು: ಹೀಟರ್ ಚಿಕ್ಕದು ಮಾಡುವ ಮುನ್ನ ಸ್ವಲ್ಪ ತಡೆಯಿರಿ. ಇಲ್ಲಿ ಶಾಖ ಎರಡು ಸಲ ಕೈ ಬದಲಿಸುತ್ತದೆ, ಮೊದಲು ಗಾಳಿಯಿಂದ ದ್ರವಕ್ಕೆ, ಆಮೇಲೆ ದ್ರವದಿಂದ ಗಾಳಿಗೆ. ಎರಡು ಸಲವೂ ತಾಪದ ಅಂತರ ಖರ್ಚಾಗುತ್ತದೆ. ಎರಡೂ ಕಡೆ ಗಾಳಿ ಸಮವಿದ್ದು, ದ್ರವದ ಶಾಖ ಹೊರುವ ಸಾಮರ್ಥ್ಯ ಗಾಳಿಯದಕ್ಕಿಂತ ಕಡಿಮೆ ಇಲ್ಲದಿದ್ದರೆ ಲೆಕ್ಕ ಇಷ್ಟೇ:

```
E = 1 / (1/E1 + 1/E2 - Ca/CL)
```

`E` ಒಟ್ಟು ಎಫೆಕ್ಟಿವ್‌ನೆಸ್, `E1` ಮತ್ತು `E2` ಒಂದೊಂದು ಕಾಯಿಲ್‌ನದು, `Ca` ಗಾಳಿಯ ಸಾಮರ್ಥ್ಯ, `CL` ದ್ರವದ್ದು. ನಿಮ್ಮ 3 ಘನ ಮೀಟರ್ ಗಾಳಿ ಒಂದು ಡಿಗ್ರಿಗೆ ಸುಮಾರು 3.62 ಕಿಲೋವ್ಯಾಟ್ ಹೊರುತ್ತದೆ. ದ್ರವವೂ ಅಷ್ಟೇ ಹೊರುವಾಗ ಕಾಯಿಲ್ 75% ಎಂದಿಟ್ಟುಕೊಂಡರೆ ಒಟ್ಟು 60%. ಅಂದರೆ 87 ಅಲ್ಲ, 69.5 ಕಿಲೋವ್ಯಾಟ್. ಹೊಸ ಗಾಳಿ ಮೈನಸ್ 10ರಿಂದ 9.2 ಡಿಗ್ರಿಗೆ ಏರುತ್ತದೆ, ಉಳಿದದ್ದು ಹೀಟರ್‌ನ ಪಾಲು.

ಈಗ ಹರಿವಿನ ಮಾತು. ಮೇಲಿನವರು ಹೇಳಿದ್ದು ಒಂದೇ ಕಾಯಿಲ್‌ಗೆ ನಿಜ. ನಿಮ್ಮ 7 ಘನ ಮೀಟರ್ ಎಂದರೆ ದ್ರವದ ಸಾಮರ್ಥ್ಯ ಗಾಳಿಯ ಹೆಚ್ಚುಕಡಿಮೆ ಎರಡರಷ್ಟು. ಅದೇ ಕಾಯಿಲ್ ಆಗ 87% ತೋರಿಸುತ್ತದೆ, ಆದರೆ ಮೇಲಿನ ಸೂತ್ರಕ್ಕೆ ಹಾಕಿದರೆ ಒಟ್ಟು 56%ಕ್ಕೆ ಇಳಿಯುತ್ತದೆ. ದ್ರವ ಅವಸರದಲ್ಲಿ ಸುತ್ತುವಾಗ ಅದರ ಬಿಸಿ ತುದಿ ಸಾಕಷ್ಟು ಬಿಸಿಯಾಗುವುದಿಲ್ಲ, ತಣ್ಣನೆಯ ತುದಿ ಸಾಕಷ್ಟು ತಣ್ಣಗಾಗುವುದಿಲ್ಲ. ದ್ರವದ ಸಾಮರ್ಥ್ಯ ಗಾಳಿಯದರ ಅರ್ಧವಾಗುವಷ್ಟು ಹರಿವನ್ನು ಇಳಿಸಿದರೆ ಇನ್ನೂ ಕೆಟ್ಟದು, ಸುಮಾರು 47%. ಶಿಖರ ಇರುವುದು ಎರಡೂ ಸಮವಾದಲ್ಲಿ. ಗ್ಲೈಕಾಲ್ ಮಿಶ್ರಣಕ್ಕೆ ಅದು ಗಂಟೆಗೆ 3.5 ಘನ ಮೀಟರ್ ಆಸುಪಾಸು. ನಿಮ್ಮ ಪಂಪ್ ಅರ್ಧದಷ್ಟಾದರೆ ಸಾಕು.

ಗುತ್ತಿಗೆ ಸಂಸ್ಥೆಯ ಎಂಜಿನಿಯರ್: ಒಂದು ಕಾಯಿಲ್‌ನ ಹಾಳೆಯನ್ನಷ್ಟೇ ನೋಡುತ್ತಿದ್ದೆ, ಒಪ್ಪಿದೆ. ಆದರೆ ಕಡಿಮೆ ಹರಿವಿನಲ್ಲಿ ಟ್ಯೂಬಿನೊಳಗೆ ವೇಗ ಬೀಳುವುದಿಲ್ಲವೇ?

ಕಾಯಿಲ್ ವಿನ್ಯಾಸದಲ್ಲಿರುವವರು: ಬೀಳುತ್ತದೆ, ಅದಕ್ಕೇ ಸರ್ಕ್ಯೂಟ್‌ಗಳ, ಅಂದರೆ ಕಾಯಿಲ್‌ನೊಳಗೆ ದ್ರವ ಹಂಚಿಹೋಗುವ ದಾರಿಗಳ ಸಂಖ್ಯೆ ಕಡಿಮೆ ಮಾಡಬೇಕು. 12 ಮಿಲಿಮೀಟರ್ ಒಳವ್ಯಾಸದ ಟ್ಯೂಬಿಗೆ 8 ಸರ್ಕ್ಯೂಟ್ ಇಟ್ಟರೆ ವೇಗ ಸೆಕೆಂಡಿಗೆ ಒಂದು ಮೀಟರ್‌ಗಿಂತ ತುಸು ಹೆಚ್ಚು. ಸರ್ಕ್ಯೂಟ್ 20 ಮಾಡಿದರೆ ದ್ರವ ತೆವಳುತ್ತದೆ.

ಗ್ಲೈಕಾಲ್‌ನ ಪಾತ್ರ ಇಲ್ಲಿಂದ ಶುರು. ಲೂಪಿನ ಸರಾಸರಿ ತಾಪ ಇಲ್ಲಿ 6 ಡಿಗ್ರಿ. ಆ ತಾಪದಲ್ಲಿ 50% ಪ್ರೊಪಿಲೀನ್ ಗ್ಲೈಕಾಲ್‌ನ ಸ್ನಿಗ್ಧತೆ 13 ಮಿಲಿಪ್ಯಾಸ್ಕಲ್-ಸೆಕೆಂಡಿನ ಹತ್ತಿರ, 35% ಎಥಿಲೀನ್ ಗ್ಲೈಕಾಲ್‌ನದು 4ಕ್ಕಿಂತ ಕೆಳಗೆ. ಒಂದು ಮೀಟರ್ ವೇಗದಲ್ಲಿ ರೆನಾಲ್ಡ್ಸ್ ಸಂಖ್ಯೆ ಮೊದಲನೆಯದಕ್ಕೆ ಸಾವಿರವೂ ಮುಟ್ಟುವುದಿಲ್ಲ, ಎರಡನೆಯದಕ್ಕೆ 3,000 ದಾಟುತ್ತದೆ. ಮೊದಲನೆಯದು ಪದರಪದರವಾಗಿ ಜಾರುವ ಹರಿವು, ಟ್ಯೂಬಿನ ಗೋಡೆಯಿಂದ ಶಾಖ ಎತ್ತುವುದು ಕಡಿಮೆ. ಚಳಿ ಹೆಚ್ಚಿದಷ್ಟೂ ದ್ರವ ಇನ್ನಷ್ಟು ದಪ್ಪವಾಗುತ್ತದೆ, ಅಂದರೆ ಶಾಖ ಹೆಚ್ಚು ಬೇಕಾದ ದಿನವೇ ಕಾಯಿಲ್ ಸೋಲುತ್ತದೆ. ಆ 75% ಯಾವ ದ್ರವಕ್ಕೆ, ಎಷ್ಟು ಪ್ರಮಾಣಕ್ಕೆ ಎಂದು ಮಾರುವವರನ್ನು ಕೇಳಿ. ಬರಿ ನೀರಿಗೆ ಎಂದು ಉತ್ತರ ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಕೇಳಿದವರು: ವಿನ್ಯಾಸ ಮೈನಸ್ 10 ಆದರೂ ಕೆಲವು ರಾತ್ರಿ ಮೈನಸ್ 16 ಮುಟ್ಟುತ್ತದೆ. ಅದಕ್ಕೆ ಎಷ್ಟು ಬೇಕು?

ಕಾಯಿಲ್ ವಿನ್ಯಾಸದಲ್ಲಿರುವವರು: ನಿರ್ಧರಿಸಬೇಕಾದದ್ದು ಆ ಮೈನಸ್ 16ಕ್ಕೇ. ಪಂಪ್ ನಿಂತ ರಾತ್ರಿ ಸಪ್ಲೈ ಕಾಯಿಲ್ ಹೊರಗಿನ ಗಾಳಿಯ ಎದುರು ಸುಮ್ಮನೆ ಕುಳಿತಿರುತ್ತದೆ. ಪರಿಮಾಣದ ಲೆಕ್ಕದಲ್ಲಿ 30% ಎಥಿಲೀನ್ ಗ್ಲೈಕಾಲ್ ಮೈನಸ್ 15ರ ಹತ್ತಿರ ಹರಳುಗಟ್ಟತೊಡಗುತ್ತದೆ, 35% ಇಟ್ಟರೆ ಮೈನಸ್ 20ರ ಸುತ್ತ. 35% ಸಾಕು. ಟ್ಯೂಬ್ ಒಡೆಯದಿರಲು ಇದಕ್ಕಿಂತ ಕಡಿಮೆಯೂ ಸಾಲುತ್ತದೆ, ಆದರೆ ಅರೆಗಟ್ಟಿಯಾದ ದ್ರವವನ್ನು ಬೆಳಿಗ್ಗೆ ಪಂಪ್ ದೂಡಲಾರದು. ಪ್ರೊಪಿಲೀನ್ ಬೇಕೇ ಬೇಕೆಂದರೆ 40% ಹಾಕಿ, ಹೆಚ್ಚಿನ ಸ್ನಿಗ್ಧತೆಗೆ ಕಾಯಿಲ್ ಮತ್ತೆ ಲೆಕ್ಕ ಹಾಕಿಸಿ. ಎಥಿಲೀನ್ ವಿಷ ಎಂಬುದು ನಿಜ, ಸೋರಿದರೆ ಎಲ್ಲಿಗೆ ಹರಿಯುತ್ತದೆ ಎಂಬುದರ ಮೇಲೆ ಆ ತೀರ್ಮಾನ ನಿಂತಿದೆ. ವಾಹನದ ರೇಡಿಯೇಟರ್ ದ್ರವವನ್ನಂತೂ ಸುರಿಯಬೇಡಿ.

ಹೊಸ ಸದಸ್ಯೆ: ನಾವೂ ಇದನ್ನೇ ಮಾಡಿದ್ದೇವೆ. ಕೂಲಿಂಗ್ ಕಾಯಿಲ್‌ನ ಮುಂದೊಂದು ಹಿಂದೊಂದು ಕಾಯಿಲ್ ಇಟ್ಟು ತೇವ ತೆಗೆಯುತ್ತೇವೆ. ಗ್ಲೈಕಾಲ್ ಹಾಕಿಯೇ ಇಲ್ಲ, ಬರಿ ನೀರು ಸಾಕಾಗಿದೆ.

ಕಾಯಿಲ್ ವಿನ್ಯಾಸದಲ್ಲಿರುವವರು: ಮೇಡಂ, ಅದು ರಾಪ್-ಅರೌಂಡ್, ಒಂದೇ ಗಾಳಿ ಎರಡು ಕಾಯಿಲ್ ದಾಟುತ್ತದೆ. ಇಲ್ಲಿ ಗಾಳಿಗಳು ಬೇರೆಬೇರೆ, ಒಂದು ಹೆಪ್ಪುಗಟ್ಟಿಸುವಷ್ಟು ತಣ್ಣಗಿದೆ.

ನಿರ್ವಹಣೆಯಲ್ಲಿರುವವರು: ನನ್ನ ಕಟ್ಟಡದ್ದು ಹೇಳುತ್ತೇನೆ. ಕಾಗದದ ಮೇಲೆ 60%, ಅಳೆದರೆ 43%. ಎರಡು ವಾರ ಗ್ಲೈಕಾಲ್ ಪರೀಕ್ಷಿಸಿದೆವು, ಗಾಳಿ ತೆಗೆದೆವು, ಪಂಪ್ ಬದಲಿಸುವ ಮಾತೂ ಬಂತು. ಕೊನೆಗೆ ಪೈಪಿನ ಮೇಲೆ ಕೈಯಿಟ್ಟಾಗ ತಿಳಿಯಿತು, ಒಂದು ಕಾಯಿಲ್‌ಗೆ ದ್ರವ ಗಾಳಿ ಒಳಬರುವ ಕಡೆಯಿಂದಲೇ ಹೋಗುತ್ತಿತ್ತು. ದ್ರವ ಗಾಳಿಗೆ ಎದುರಾಗಿ ಹೋಗಬೇಕಿತ್ತು. ಎರಡು ಪೈಪ್ ಅದಲುಬದಲು ಮಾಡಿದೆವು.

ಕಾಯಿಲ್ ವಿನ್ಯಾಸದಲ್ಲಿರುವವರು: ಆ ಸಂಖ್ಯೆ ಲೆಕ್ಕಕ್ಕೂ ಕೂಡುತ್ತದೆ. ತಿರುವುಮುರುವಾದ ಕಾಯಿಲ್ 75ರ ಬದಲು 50% ಕೊಡುತ್ತದೆ, ಸೂತ್ರದಲ್ಲಿ 43% ಬರುತ್ತದೆ. ಕೇಳಿದವರಿಗೂ ಇದು ಉಪಯೋಗಕ್ಕೆ ಬಂದೀತು: ಹರಿವು ಹೊಂದಿದ್ದರೆ ಹೊಸ ಗಾಳಿ ಎಷ್ಟು ಡಿಗ್ರಿ ಏರಿತೋ ದ್ರವವೂ ಆ ಕಾಯಿಲ್‌ನಲ್ಲಿ ಅಷ್ಟೇ ಇಳಿಯಬೇಕು. ಗಾಳಿ 19 ಏರಿ ದ್ರವ 9 ಮಾತ್ರ ಇಳಿದರೆ ಪಂಪ್ ಅತಿಯಾಗಿದೆ. ಎರಡೂ ಸರಿಸಮ ಇದ್ದೂ ಒಟ್ಟು ಕಡಿಮೆಯಿದ್ದರೆ ಪೈಪಿನ ದಿಕ್ಕು ನೋಡಿ.

ಇನ್ನೊಂದು ಉಳಿದಿದೆ. ಮೈನಸ್ 10ರಲ್ಲಿ ಎಕ್ಸಾಸ್ಟ್ ಕಾಯಿಲ್‌ಗೆ ದ್ರವ ಮೈನಸ್ 3.6ರಲ್ಲಿ ಬರುತ್ತದೆ. ಒಳಗಿನ ಗಾಳಿಯಲ್ಲಿ ತೇವವಿದ್ದರೆ ಫಿನ್‌ಗಳ ಮೇಲೆ ಹಿಮ ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಗ್ಲೈಕಾಲ್ ಎಷ್ಟಿದ್ದರೂ ಇದು ತಪ್ಪುವುದಿಲ್ಲ. ತ್ರೀ-ವೇ ವಾಲ್ವ್ ಇಟ್ಟು, ಸ್ವಲ್ಪ ದ್ರವವನ್ನು ಸಪ್ಲೈ ಕಾಯಿಲ್‌ನೊಳಗೆ ಬಿಡದೆ ನೇರ ಮರಳಿಸಿ, ಎಕ್ಸಾಸ್ಟ್‌ಗೆ ಬರುವ ದ್ರವವನ್ನು ಮೈನಸ್ 1ಕ್ಕಿಂತ ಕೆಳಗೆ ಬಿಡಬಾರದು. ಆಗ ಮೈನಸ್ 10ರಲ್ಲಿ ಸಿಗುವುದು 62 ಕಿಲೋವ್ಯಾಟ್, ಅಂದರೆ 54%. ಹೀಟರ್‌ನ ಅಳತೆಗೆ ಹಿಡಿಯಬೇಕಾದ್ದು ಇದನ್ನು, ಮೈನಸ್ 16ರ ರಾತ್ರಿಗೂ ಇದೇ 62.

ನಿರ್ವಹಣೆಯಲ್ಲಿರುವವರು: ನಮ್ಮಲ್ಲಿ ಆ ವಾಲ್ವ್ ಇಲ್ಲ. ಒಳಗಿನ ಗಾಳಿ ಬಹಳ ಒಣ, ಮೂರು ಚಳಿಗಾಲದಲ್ಲಿ ಹಿಮ ಕಂಡಿಲ್ಲ. ನನ್ನ ಮಟ್ಟಿಗೆ ಅದು ಕೆಡಬಹುದಾದ ಇನ್ನೊಂದು ಭಾಗ.

ಕಾಯಿಲ್ ವಿನ್ಯಾಸದಲ್ಲಿರುವವರು: ನಿಮ್ಮ ಕಟ್ಟಡದಲ್ಲಿ ಸರಿ ಇರಬಹುದು. ಇವರ ಪ್ರಯೋಗಾಲಯದಲ್ಲಿ ತೇವ ಎಷ್ಟು ಎಂದು ಇನ್ನೂ ಹೇಳಿಲ್ಲವಲ್ಲ.

ಕೇಳಿದವರು: ಆರ್ದ್ರತೆಯ ದಾಖಲೆ ನನ್ನ ಬಳಿ ಇಲ್ಲ, ಹುಡ್‌ಗಳಲ್ಲಿ ಏನು ಕುದಿಸುತ್ತಾರೋ ಅದೂ ಗೊತ್ತಿಲ್ಲ. ತರಿಸಿಕೊಂಡು ಬರೆಯುತ್ತೇನೆ. ಪಂಪ್ ಮಾತ್ರ ಇವತ್ತೇ ಬದಲಿಸಿದೆ.