ಮ್ಯಾಪ್ ಕನ್ನಡ ಮಾತಾಡುತ್ತೆ, ಬೀದಿ ಹೆಸರು ಮಾತ್ರ ಕನ್ನಡದಲ್ಲಿಲ್ಲ! ಸಹಾಯ ಬೇಕು

ನಮಸ್ಕಾರ. ನಮ್ಮ ಅಣ್ಣ ತಿಕೋಟಾದಿಂದ ಪಿಕಪ್‌ನಲ್ಲಿ ಒಣದ್ರಾಕ್ಷಿ ಹೇರಿಕೊಂಡು ಸೇಲಂಗೆ ಹೋಗಿದ್ದಾನೆ. ಅವನಿಗೆ ಕನ್ನಡ ಬಿಟ್ಟು ಬೇರೆ ಓದೋಕೆ ಬರಲ್ಲ. ಹೈವೇ ಮೇಲೆ ತೊಂದರೆ ಇರಲಿಲ್ಲ, ಊರೊಳಗೆ ಬೋರ್ಡೆಲ್ಲ ತಮಿಳು.

ಫೋನಲ್ಲೇ ಹೇಳಿ ಎರಡು ಕೆಲಸ ಮಾಡಿಸಿದೆ. ಮ್ಯಾಪ್‌ನ Settings ಒಳಗೆ ನ್ಯಾವಿಗೇಷನ್‌ನ Voice selection ಕನ್ನಡ ಮಾಡಿದ. ದನಿ ಬದಲಾಯಿತು, ಅಕ್ಷರ ಬದಲಾಗಲಿಲ್ಲ. ಅದು ಬರೀ ದನಿಗಂತೆ! ಆಮೇಲೆ App language ಕನ್ನಡ ಮಾಡಿದ. ಮೆನು, ದೊಡ್ಡ ಊರಿನ ಹೆಸರು ಕನ್ನಡಕ್ಕೆ ಬಂದವು. ಸಣ್ಣ ಬೀದಿಗಳು ಮಾತ್ರ ಇನ್ನೂ ಇಂಗ್ಲಿಷ್, ತಮಿಳಲ್ಲೇ ಇವೆ. “ಎಡಕ್ಕೆ ತಿರುಗಿ” ಅನ್ನೋದು ಸರಿ, ಆದರೆ ಮೂರು ಗಲ್ಲಿ ಒಟ್ಟಿಗೇ ಬಂದರೆ ಯಾವುದು ಅಂತ ತಿಳಿಯಬೇಕಲ್ವಾ?

ಫೋನಿನ ಭಾಷೆಯನ್ನೂ ಕನ್ನಡ ಮಾಡಿದರೆ ಬೀದಿ ಹೆಸರು ಕನ್ನಡಕ್ಕೆ ಬರುತ್ತಾ? ಅಥವಾ ಮ್ಯಾಪ್‌ನಲ್ಲಿ ಆ ಬೀದಿಗೆ ಕನ್ನಡ ಹೆಸರೇ ಇಲ್ವಾ? ಮಾಡಿ ನೋಡಿದವರು ಹೇಳಿ.