ವ್ಯಾಕ್‌ನಲ್ಲಿ 72.9 ಕೋಟಿ, ಎಪಿವಿಯಲ್ಲಿ 67.5 ಕೋಟಿ: ಶೀಟ್‌ನಲ್ಲಿ ಎಲ್ಲಿ ತಪ್ಪಿದೆ?

ಶೀಟ್_ಶರಾವತಿ:
ಒಂದು ಕಂಪನಿಯ ಮೌಲ್ಯವನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕ್ತಿದ್ದೀನಿ: ಎಪಿವಿ ಅಂದರೆ ಸಾಲವಿಲ್ಲದ ಮೌಲ್ಯಕ್ಕೆ ಬಡ್ಡಿಯಿಂದ ಆಗುವ ತೆರಿಗೆ ಉಳಿತಾಯ ಕೂಡಿಸೋದು, ವ್ಯಾಕ್ ಅಂದರೆ ನಗದು ಹರಿವನ್ನು ಸಾಲ-ಈಕ್ವಿಟಿ ದರಗಳ ತೂಕದ ಸರಾಸರಿಯಿಂದ ಭಾಗಿಸೋದು. ಎರಡೂ ಒಂದೇ ಉತ್ತರ ಕೊಡಬೇಕು, ಕೊಡ್ತಿಲ್ಲ. ಬಡ್ಡಿ-ತೆರಿಗೆಗೆ ಮುಂಚಿನ ಲಾಭ ಪ್ರತಿ ವರ್ಷ 10 ಕೋಟಿ, ಬೆಳವಣಿಗೆ ಇಲ್ಲ, ಕೊನೆಯೂ ಇಲ್ಲ. ಸಾಲ 30 ಕೋಟಿ, ಬಡ್ಡಿ 8%, ತೆರಿಗೆ 25%, ಸಾಲವೇ ಇಲ್ಲದಿದ್ದರೆ ಬಂಡವಾಳದ ದರ 12.5%.

ಎಪಿವಿ: 7.5 / 0.125 = 60, ಅದಕ್ಕೆ ಟ್ಯಾಕ್ಸ್ ಶೀಲ್ಡ್ 7.5 ಸೇರಿಸಿದರೆ 67.5. ಈಕ್ವಿಟಿ 37.5, ಈಕ್ವಿಟಿ ದರ 15.2%. ವ್ಯಾಕ್ ಕಡೆ ಹೀಗಿದೆ:

```
FCF  = EBIT - (EBIT - Int)*T       -> 8.1
WACC = E/V*rE + D/V*rD*(1-T)       -> 11.11%
V    = FCF / WACC                  -> 72.9
```

ತೆರಿಗೆ 0 ಹಾಕಿದರೆ ಎರಡೂ ಕಡೆ ಸರಿಯಾಗಿ 80 ಬರುತ್ತೆ. ಹಾಗಾಗಿ ಶೀಟ್‌ನ ರಚನೆ ಸರಿಯಿದೆ ಅನ್ಕೊಂಡಿದ್ದೀನಿ.

ಬೀಟಾ_ಭಟ್ಟ:
ತೆರಿಗೆ ಸಾಲು ಸರಿ ಇದೆ, ಕಂಪನಿ ನಿಜವಾಗಿ ಕಟ್ಟೋದು ಅಷ್ಟೇ ತಾನೆ. ನಿಮ್ಮ ಈಕ್ವಿಟಿ ದರದ ಸೂತ್ರದಲ್ಲಿ (1-T) ಇದೆ ಅನ್ಸುತ್ತೆ. ಅದನ್ನ ತೆಗೀರಿ. ಸಾಲದ ಅಪಾಯವನ್ನು ಪೂರ್ತಿ ಹೊರೋದು ಷೇರುದಾರರು.

ಶೀಟ್_ಶರಾವತಿ:
ತೆಗೆದೆ. ಈಕ್ವಿಟಿ ದರ 16.1% ಆಯ್ತು, ವ್ಯಾಕ್ 11.61%, ಮೌಲ್ಯ 69.76. ಹತ್ತಿರ ಬಂತು, ಆದರೆ 67.5 ಅಲ್ಲ.

ಲೆಕ್ಕದ_ಲಿಂಗಣ್ಣ:
ಹತ್ತಿರ ಬಂದದ್ದು ಕಾಕತಾಳೀಯ. ಒಂದು ತಪ್ಪು ಮೇಲಕ್ಕೆ ತಳ್ತಿದೆ, ಈಗ ಇನ್ನೊಂದು ಕೆಳಕ್ಕೆ ಎಳೀತಿದೆ.

ಮೊದಲನೆಯದು ನಿಮ್ಮ ನಗದು ಹರಿವು. ಬಡ್ಡಿ ಕಳೆದು ತೆರಿಗೆ ಹಾಕಿದ್ದೀರಿ, ಅಂದರೆ ವರ್ಷದ 0.6 ಕೋಟಿ ಉಳಿತಾಯ 8.1ರ ಒಳಗೇ ಬಂದುಬಿಟ್ಟಿದೆ. ಕೆಳಗೆ ವ್ಯಾಕ್‌ನಲ್ಲಿ ಸಾಲದ ದರವನ್ನು 8ರಿಂದ 6ಕ್ಕೆ ಇಳಿಸಿದ್ದೂ ಅದೇ ಉಳಿತಾಯಕ್ಕಾಗಿ. ಒಂದೇ ಲಾಭ ಎರಡು ಸಲ. ತೆರಿಗೆ ನಂತರದ ವ್ಯಾಕ್ ಬಳಸುವಾಗ ಸಾಲವೇ ಇಲ್ಲ ಅನ್ನೋ ಹಾಗೆ ಪೂರ್ತಿ 10 ಕೋಟಿ ಮೇಲೆ ತೆರಿಗೆ ಹಾಕಿ. ಹರಿವು 7.5 ಆಗುತ್ತೆ.

8.1 ಅನ್ನೇ ಇಟ್ಟುಕೊಳ್ಳಬೇಕು ಅಂದರೆ ಸಾಲದ ದರವನ್ನು ಇಳಿಸದೆ 8% ಆಗೇ ಬಿಡಿ. ಮೊದಲಿನ 15.2% ಜೊತೆ ಆ ವ್ಯಾಕ್ ಸರಿಯಾಗಿ 12% ಬರುತ್ತೆ, 8.1 / 0.12 = 67.5.

ತೆರಿಗೆ 0 ಹಾಕಿ ನೋಡುವ ಪರೀಕ್ಷೆ ಇಲ್ಲಿ ಏನೂ ಹೇಳಲ್ಲ. T ಸೊನ್ನೆಯಾದರೆ ಉಳಿತಾಯವೂ ಸೊನ್ನೆ, ಅದನ್ನು ಎರಡು ಸಲ ಎಣಿಸಿದರೂ ಸೊನ್ನೆಯೇ. (1-T) ಇದ್ದರೂ ಇಲ್ಲದಿದ್ದರೂ ಒಂದೇ. ತೆರಿಗೆ ಇಲ್ಲದ ಲೋಕದಲ್ಲಿ ಸಾಲ ಎಷ್ಟಿದ್ದರೂ ಮೌಲ್ಯ 80 ಅನ್ನೋದು ಮೊಡಿಗ್ಲಿಯಾನಿ-ಮಿಲ್ಲರ್ 1958ರಲ್ಲಿ ತೋರಿಸಿದ ಫಲಿತಾಂಶ. ತೆರಿಗೆಯ ಭಾಗವನ್ನು ಅವರೇ 1963ರಲ್ಲಿ ತಿದ್ದಬೇಕಾಯ್ತು. ನಿಮ್ಮ ತಪ್ಪುಗಳೆಲ್ಲ ಆ ಭಾಗದಲ್ಲೇ ಇವೆ, ಆದ್ದರಿಂದ T ಅನ್ನು 25%ರಲ್ಲೇ ಇಟ್ಟು ಪರೀಕ್ಷಿಸಿ.

ಶೀಟ್_ಶರಾವತಿ:
ಹರಿವು 7.5 ಮಾಡಿದೆ ಸರ್. ಈಗ 64.59!

ಲೆಕ್ಕದ_ಲಿಂಗಣ್ಣ:
ಭಟ್ಟರ 16.1% ಅಲ್ಲೇ ಉಳಿದಿದೆ. ಈ ಸಾಲನ್ನು ಹಾಕಿ:

```
rE = rU + (rU - rD)*(1-T)*D/E
```

12.5 + 4.5 × 0.75 × 30/37.5 = 15.2. ಸೂತ್ರದ ಮೇಲೆ ಅನುಮಾನ ಇದ್ದರೆ ನೇರವಾಗಿ ನೋಡಿ: ಷೇರುದಾರರಿಗೆ ಉಳಿಯೋದು (10 − 2.4) × 0.75 = 5.7 ಕೋಟಿ. 5.7 / 37.5 = 15.2%. 16.1% ಈ ಪರೀಕ್ಷೆಯಲ್ಲಿ ನಿಲ್ಲಲ್ಲ. ಈಗ 7.5 / 0.1111 = 67.5 ಬರಬೇಕು.

ಬೀಟಾ_ಭಟ್ಟ:
ಆದರೆ (1-T) ಇಲ್ಲದ ಸೂತ್ರವೂ ಪುಸ್ತಕಗಳಲ್ಲಿದೆ, ನಾನು ಊಹಿಸಿ ಹೇಳಿದ್ದಲ್ಲ.

ಲೆಕ್ಕದ_ಲಿಂಗಣ್ಣ:
ಇದೆ, ಒಪ್ತೀನಿ. ಅದು ಬೇರೆ ಸಾಲನೀತಿಗೆ. ಸಾಲ ಸದಾ 30 ಕೋಟಿಯೇ ಅಂದರೆ ಉಳಿತಾಯದ ಅಪಾಯ ಬಡ್ಡಿಯ ಅಪಾಯದಷ್ಟೇ: 0.6 / 0.08 = 7.5. ಕಂಪನಿಯ ಮೌಲ್ಯ ಏರಿಳಿದ ಹಾಗೆ ಸಾಲವನ್ನೂ ಹೆಚ್ಚು ಕಡಿಮೆ ಮಾಡ್ತಾ ಅನುಪಾತ ಕಾಯ್ದುಕೊಂಡರೆ, ಮುಂದಿನ ಉಳಿತಾಯವೂ ವ್ಯವಹಾರದ ಜೊತೆಗೇ ಏರಿಳಿಯುತ್ತೆ. ಆಗ 0.6 / 0.125 = 4.8, ಮೌಲ್ಯ 64.8, ಈಕ್ವಿಟಿ 34.8. ನಿಮ್ಮ ಸೂತ್ರ ಆಗ 16.38% ಕೊಡುತ್ತೆ, 5.7 / 34.8 ಕೂಡ ಅಷ್ಟೇ. 64.59 ಮಾತ್ರ ಎರಡು ನೀತಿಗೂ ಸೇರದ್ದು: ದರ ಒಂದು ನೀತಿಯದ್ದು, 37.5ರ ತೂಕ ಇನ್ನೊಂದರದ್ದು.

ಪೀಣ್ಯ_ಯೂನಿಟ್:
ನಡುವೆ ಬರ್ತಿದ್ದೀನಿ, ಕ್ಷಮಿಸಿ. ನಮ್ಮದು ಸಣ್ಣ ಪ್ರೈವೇಟ್ ಲಿಮಿಟೆಡ್. 30 ಕೋಟಿ ಸಾಲ ಮಾಡಿದರೆ ಕಂಪನಿಗೆ 7.5 ಕೋಟಿ ಬೆಲೆ ಜಾಸ್ತಿ ಆಗುತ್ತೆ ಅಂತಾನಾ ಇದರ ಅರ್ಥ? ಬ್ಯಾಂಕ್‌ನವರು 5 ವರ್ಷದ ಟರ್ಮ್ ಲೋನ್ ಕೊಡ್ತೀವಿ ಅಂತಿದ್ದಾರೆ.

ಲೆಕ್ಕದ_ಲಿಂಗಣ್ಣ:
ಇಲ್ಲ ಸರ್, ನಿಮ್ಮ ಸಾಲಕ್ಕೆ ಆ ಸಂಖ್ಯೆ ಹಚ್ಚಬೇಡಿ. 7.5 ಬಂದದ್ದು ಅಸಲು ಎಂದಿಗೂ ತೀರಿಸಲ್ಲ ಅನ್ನೋ ಊಹೆಯಿಂದ. ವರ್ಷಕ್ಕೆ 6 ಕೋಟಿ ಅಸಲು ಕಟ್ಟಿದರೆ ಬಡ್ಡಿ 2.4, 1.92, 1.44, 0.96, 0.48 ಹೀಗೆ ಇಳಿಯುತ್ತೆ. 25%ರಂತೆ ಉಳಿತಾಯ 0.60, 0.48, 0.36, 0.24, 0.12. ಇವನ್ನು 8%ರಲ್ಲಿ ಇಂದಿನ ಬೆಲೆಗೆ ತಂದರೆ ಒಟ್ಟು 1.51 ಕೋಟಿ. 7.5ರ ಐದನೇ ಒಂದು ಭಾಗ.

ಅದೂ ಪ್ರತಿ ವರ್ಷ ಬಡ್ಡಿಯನ್ನು ಮೀರಿಸುವಷ್ಟು ಲಾಭ ಇದ್ದರೆ ಮಾತ್ರ. ಮೊದಲ ವರ್ಷ ಬಡ್ಡಿಗೆ ಮುಂಚಿನ ಲಾಭ 1 ಕೋಟಿ ಅಂದುಕೊಳ್ಳಿ. 2.4 ಕೋಟಿ ಬಡ್ಡಿಯಲ್ಲಿ ಆ ವರ್ಷ ತೆರಿಗೆ ಉಳಿಸೋದು 1 ಕೋಟಿಯಷ್ಟು ಭಾಗ, ಅಂದರೆ 0.25 ಕೋಟಿ. ಮಿಕ್ಕ 1.4 ಕೋಟಿ ನಷ್ಟವಾಗಿ ಮುಂದಕ್ಕೆ ಹೋಗುತ್ತೆ, 8 ವರ್ಷದೊಳಗೆ ಲಾಭ ಬಂದರೆ ಬಳಸಬಹುದು. ತಡವಾದಷ್ಟೂ ಅದರ ಬೆಲೆ ಕಡಿಮೆ. ಬ್ಯಾಂಕ್ ಬಡ್ಡಿಯನ್ನು ನಿಜವಾಗಿ ಕಟ್ಟಿದರೇ ಕಳೆಯಲು ಬರೋದು ಅನ್ನೋದೂ ನೆನಪಿರಲಿ. ಬಾಕಿ ಬಡ್ಡಿಯನ್ನು ಬ್ಯಾಂಕ್ ಹೊಸ ಸಾಲವಾಗಿ ಬದಲಿಸಿದರೆ ಅದು ಕಟ್ಟಿದ ಲೆಕ್ಕಕ್ಕೆ ಬರಲ್ಲ.

ಶೀಟ್_ಶರಾವತಿ:
67.5 ಬಂತು ಸರ್! ಆದರೆ ಈಗ ಇನ್ನೊಂದು ಗೊಂದಲ. ಈ ಲೆಕ್ಕ ಇರೋ ಕೇಸ್ ಸ್ಟಡಿಯಲ್ಲಿ "ಸಾಲವನ್ನು ಕಂಪನಿ ಮೌಲ್ಯದ ಸುಮಾರು 45% ಸುತ್ತ ಇಡುವ ಉದ್ದೇಶವಿದೆ" ಅಂತ ಬರೆದಿದ್ದಾರೆ. ಹಾಗಾದ್ರೆ 64.8 ಬಳಸಬೇಕಾ? ಆಗ ತೂಕ ಮೌಲ್ಯದ ಮೇಲೆ, ಮೌಲ್ಯ ತೂಕದ ಮೇಲೆ ನಿಂತು ಎಕ್ಸೆಲ್ ಸರ್ಕ್ಯುಲರ್ ರೆಫರೆನ್ಸ್ ಅಂತ ಬೈಯುತ್ತೆ.

ಲೆಕ್ಕದ_ಲಿಂಗಣ್ಣ:
ಆ ವಾಕ್ಯ ಇದ್ದರೆ 64.8ರ ಕಡೆಗೇ ನನ್ನ ಮತ. ಸುತ್ತು ತಪ್ಪಿಸೋಕೆ ವ್ಯಾಕ್ ಬಿಡಿ. ಎಪಿವಿಯಲ್ಲಿ ಉಳಿತಾಯದ ಸಾಲನ್ನು ಮಾತ್ರ 8%ರ ಬದಲು 12.5%ಗೆ ಹಾಕಿ, ಅಷ್ಟೇ.

ಬೀಟಾ_ಭಟ್ಟ:
ಸಾಲವನ್ನು ವರ್ಷಕ್ಕೊಮ್ಮೆ ಮಾತ್ರ ಸರಿಹೊಂದಿಸಿದರೆ ಆ ವರ್ಷದ ಬಡ್ಡಿ ಮೊದಲೇ ಗೊತ್ತಿರುತ್ತೆ. ಒಂದು ವರ್ಷ 8%, ಅದರ ಹಿಂದಿನದೆಲ್ಲ 12.5%. ಆಗ 4.8 × 1.125 / 1.08 = 5.0, ಮೌಲ್ಯ 65.0.

ಲೆಕ್ಕದ_ಲಿಂಗಣ್ಣ:
ಅದು ಸರಿ. ಆದರೆ "ಸುಮಾರು", "ಉದ್ದೇಶ" ಅಂತ ಬರೆಯೋ ಕಂಪನಿ ವರ್ಷ ವರ್ಷ ಅಷ್ಟು ಶಿಸ್ತಿನಿಂದ ಸರಿಹೊಂದಿಸುತ್ತೆ ಅಂತ ನನಗನ್ನಿಸಲ್ಲ. ಒಳ್ಳೆ ವರ್ಷ ಸಾಲ ಹೆಚ್ಚಿಸದೆ, ಕೆಟ್ಟ ವರ್ಷ ಇಳಿಸಲಾಗದೆ ಕೂತರೆ ನಾವು 67.5ರ ಕಡೆಗೇ ವಾಪಸ್. ಶರಾವತಿಯವರೇ, ಕಳೆದ ವರ್ಷಗಳ ಸಾಲದ ಮೊತ್ತ ಕೇಸ್‌ನ ಅನುಬಂಧದಲ್ಲಿ ಇದ್ದರೆ ಇಲ್ಲಿ ಹಾಕಿ. ಮೊತ್ತ ನಿಂತಿದೆಯೋ, ಅನುಪಾತ ನಿಂತಿದೆಯೋ ನೋಡೋಣ.

ಶೀಟ್_ಶರಾವತಿ:
ಅನುಬಂಧದಲ್ಲಿ 3 ವರ್ಷದ್ದು ಮಾತ್ರ ಇದೆ: 30, 30, 30. ಷೇರು ಮಾರುಕಟ್ಟೆಯಲ್ಲಿಲ್ಲದ ಕಂಪನಿ, ಮೌಲ್ಯ ಕೊಟ್ಟಿಲ್ಲ.

ಬೀಟಾ_ಭಟ್ಟ:
ಹಾಗಾದ್ರೆ ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು. ಆದರೂ ಮುಂದಿನ ನೀತಿ ಬದಲಾಗಬಹುದಲ್ವಾ? ನಾನು 65ಕ್ಕೇ ನಿಲ್ತೀನಿ.

ಲೆಕ್ಕದ_ಲಿಂಗಣ್ಣ:
ಮೌಲ್ಯ ಗೊತ್ತಿಲ್ಲದೆ ಆ ಮೂರು 30ರಿಂದ ಏನೂ ತೀರ್ಮಾನಿಸೋಕಾಗಲ್ಲ, ಲಾಭ ಸ್ಥಿರವಾಗಿದ್ದರೆ ಎರಡು ನೀತಿಯಲ್ಲೂ 30 ಬರುತ್ತೆ. ಆ 3 ವರ್ಷಗಳ ಲಾಭ ಏರಿಳಿದಿದೆಯಾ ನೋಡಿ. ಏರಿಳಿದೂ ಸಾಲ ಅಲ್ಲಾಡಿಲ್ಲ ಅಂದರೆ 67.5 ಬರೆದು, ಕೆಳಗೆ 64.8 ಅನ್ನೂ ತೋರಿಸಿ.