ರಕ್ತದ ರಿಪೋರ್ಟ್ ನಾರ್ಮಲ್, ಕುತ್ತಿಗಿ ಮುಂದಿನ ಗಂಟು ಮಾತ್ರ ಹಂಗ ಐತಿ

ಪ್ರಶ್ನೆ (ಬೆಟಗೇರಿಯ ನೇಕಾರರು)

ನಮಸ್ಕಾರ ಡಾಕ್ಟ್ರ. ನಮ್ಮ ಮನಿಯಾಕಿಗೆ 36 ವರ್ಷ. ಮೊನ್ನೆ ತಂಬಿಗಿ ಎತ್ತಿ ನೀರು ಕುಡಿಯೂವಾಗ ಕುತ್ತಿಗಿ ಮುಂದ ಬಲಗಡೆ ಅಡಕಿಯಷ್ಟು ಗಂಟು ಮ್ಯಾಲೆ ಹೋಗಿ ಕೆಳಗ ಇಳಿದಿದ್ದು ಕಂಡೆ. ನೋವಿಲ್ಲ, ಜ್ವರ ಇಲ್ಲ. ಇಲ್ಲೇ ಹತ್ರದ ಡಾಕ್ಟ್ರು ರಕ್ತ ಪರೀಕ್ಷಾ ಮಾಡಿಸಿದ್ರು, ಟಿಎಸ್‌ಎಚ್ 2.3 ಬಂತು. "ಥೈರಾಯ್ಡ್ ನಾರ್ಮಲ್ ಐತಿ, ಕಾಳಜಿ ಬ್ಯಾಡ" ಅಂದ್ರು. ನಮ್ಮವ್ವ ಇದು ಗಳಗಂಡ ಅಂತಾಳ. ಇನ್ನೇನರ ಮಾಡಿಸಬೇಕೇನ್ರಿ, ಇಲ್ಲಾ ಬಿಟ್ಟರೂ ನಡೀತೈತೇನು?

ಉತ್ತರ (ಕಿವಿ-ಮೂಗು-ಗಂಟಲು ತಜ್ಞೆ, ಹುಬ್ಬಳ್ಳಿ)

ಬಿಡಬೇಡಿ. ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸಿ. ಇವತ್ತೇ ಓಡಬೇಕಾಗಿಲ್ಲ, ಆದರೆ ಈ ತಿಂಗಳು ದಾಟಿಸಬೇಡಿ.

ತಂಬಿಗೆ ಎತ್ತಿ ಕುಡಿಯುವಾಗ ತಲೆ ಹಿಂದಕ್ಕೆ ಬಾಗಿ ಕುತ್ತಿಗೆ ಚಾಚಿಕೊಳ್ಳುತ್ತದೆ. ನಾವೂ ಹಾಗೇ ಕೂರಿಸಿ, ಕೈಗೆ ನೀರು ಕೊಟ್ಟು ನೋಡುತ್ತೇವೆ. ಥೈರಾಯ್ಡ್ ಗ್ರಂಥಿ ಶ್ವಾಸನಾಳಕ್ಕೆ ಬಿಗಿದುಕೊಂಡೇ ಇರುತ್ತದೆ. ನುಂಗುವಾಗ ಗಂಟಲ ಗೂಡು ಮೇಲೇಳುವುದರ ಜೊತೆ ಅದೂ ಏಳುತ್ತದೆ. ಹಾಗಾಗಿ ನೀವು ಕಂಡ ಗಂಟು ಹೆಚ್ಚುಕಡಿಮೆ ಥೈರಾಯ್ಡಿನದೇ. ಆದರೆ ಅದು ಎಲ್ಲಿಂದ ಎದ್ದಿದೆ ಅನ್ನುವುದಷ್ಟೇ ಇದರಿಂದ ಗೊತ್ತಾಗುತ್ತದೆ, ಎಂಥದು ಅನ್ನುವುದಲ್ಲ. ನೋವಿಲ್ಲ ಅನ್ನುವುದೂ ಸಮಾಧಾನದ ಮಾತಲ್ಲ, ಥೈರಾಯ್ಡಿನ ಕ್ಯಾನ್ಸರ್ ಗಂಟು ಕೂಡ ಸಾಮಾನ್ಯವಾಗಿ ನೋಯುವುದಿಲ್ಲ.

ಇನ್ನು ರಕ್ತದ ರಿಪೋರ್ಟು. ಗ್ರಂಥಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದನ್ನು ಟಿಎಸ್‌ಎಚ್ ಹೇಳುತ್ತದೆ. ನೀವು ಮಗ್ಗದವರು, ಹೀಗೆ ನೋಡ್ರಿ: ದಿನಕ್ಕೆ ಇಷ್ಟು ಗಜ ಇಳಿಯಿತು ಅನ್ನುವ ಲೆಕ್ಕ ಸರಿಯಾಗಿಯೇ ಇರುತ್ತದೆ, ಹಾಸಿನಲ್ಲಿ ಒಂದು ಕಡೆ ಗಂಟು ಬಿದ್ದಿದ್ದು ಆ ಲೆಕ್ಕದಲ್ಲಿ ಕಾಣುವುದಿಲ್ಲ. 2.3 ಒಳ್ಳೆಯ ಅಂಕಿ. ಗಂಟಿನ ಬಗ್ಗೆ ಅದು ಏನೂ ಹೇಳಿಲ್ಲ.

ಹಾನಗಲ್ ಕಡೆಯ 41 ವರ್ಷದ ಒಬ್ಬ ಹೆಣ್ಣುಮಗಳು ಎರಡು ನಾರ್ಮಲ್ ರಿಪೋರ್ಟ್ ಹಿಡಿದು ಬಂದಿದ್ದರು, ಒಂದರದು ಹಳೇ ವರ್ಷದ ತಾರೀಖು. "ಎರಡು ಸಲ ನಾರ್ಮಲ್ ಬಂದದ, ಸುಮ್ಮನ ಬಂದೆ" ಅಂದರು. ಹಿಂದೆ ನಿಂತು ಎರಡೂ ಕೈಯ ಬೆರಳಿಟ್ಟು ನೀರು ನುಂಗಿಸಿದೆ. ಎಡಗಡೆ ಗಟ್ಟಿ ಗಂಟು ಬೆರಳ ಕೆಳಗೆ ಜಾರಿತು. ಅಲ್ಟ್ರಾಸೌಂಡಿನಲ್ಲಿ 19 ಮಿಲಿಮೀಟರ್, ಒಳಗೆ ನೀರಿಲ್ಲ, ಅಂಚು ಒರಟು, ನಡುವೆ ರವೆ ಚೆಲ್ಲಿದಂಥ ಬಿಳಿ ಚುಕ್ಕಿ. ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲ್ಲರಿ ಕ್ಯಾನ್ಸರ್ ಬಂತು. ಗ್ರಂಥಿಯ ಎಡಭಾಗ ಮಾತ್ರ ತೆಗೆದೆವು. ಈಗ ಆರಾಮಾಗಿದ್ದಾರೆ. ಒಂದು ವರ್ಷ ಮೊದಲೇ ಮಾಡಿಸಬಹುದಿತ್ತಲ್ಲ ಅನ್ನುವುದೊಂದೇ ನನ್ನ ಸಂಕಟ.

ನಿಮ್ಮ ಮನೆಯವರದೂ ಹಾಗೇ ಅಂತ ನಾನು ಹೇಳುತ್ತಿಲ್ಲ. ಇಂಥ ನೂರು ಗಂಟುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಸಾದಾ ಗಂಟೇ. ಯಾವುದು ಸಾದಾ ಅನ್ನುವುದು ರಕ್ತದಲ್ಲಿ ಸಿಗುವುದಿಲ್ಲ, ಅಷ್ಟೇ.

ಹಾವೇರಿಯ ಶಿಕ್ಷಕಿಯೊಬ್ಬರು

ಮೇಡಂ, ಇದು ಅಯೋಡಿನ್ ಕೊರತೆ ಅಲ್ಲವೇ? ನಾವು ಮಕ್ಕಳಿಗೆ ಹಾಗೇ ಪಾಠ ಮಾಡುತ್ತೇವೆ. ಹರಳುಪ್ಪು ಬಿಟ್ಟು ಪ್ಯಾಕೆಟ್ ಉಪ್ಪು ಶುರು ಮಾಡಿದರೆ ಇಳಿಯಬೇಕಲ್ಲ?

ತಜ್ಞೆ

ಪಾಠ ಸರಿಯಾಗಿಯೇ ಇದೆ ಮೇಡಂ. ಅಯೋಡಿನ್ ಸಾಲದೆ ಹೋದರೆ ಗ್ರಂಥಿ ಬಾವುತ್ತದೆ. ಶಾಲೆಯ ಮಕ್ಕಳಲ್ಲಿ ಇಡೀ ಗ್ರಂಥಿ ಮೆತ್ತಗೆ ಬಾತಿದ್ದರೆ ಉಪ್ಪಿನ ಮಾತು ಮೊದಲು ಬರುತ್ತದೆ. ಇಲ್ಲಿ ಒಂದೇ ಬದಿಗೆ ಒಂಟಿ ಗಂಟು, ವಯಸ್ಸು 36. ಇದು ಉಪ್ಪಿಗೆ ಕರಗುವಂಥದ್ದಲ್ಲ. ಪ್ಯಾಕೆಟ್ ಉಪ್ಪು ಬಳಸಲಿ, ಮುಚ್ಚಳವಿರುವ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಲಿ, ಇಲ್ಲದಿದ್ದರೆ ಅಯೋಡಿನ್ ಹಾರಿಹೋಗುತ್ತದೆ. ಅಯೋಡಿನ್ ಹನಿ, ಕಡಲಪಾಚಿಯ ಗುಳಿಗೆ ಮಾತ್ರ ಬೇಡ. ಗಂಟಿರುವ ಗ್ರಂಥಿಗೆ ಅತಿಯಾಗಿ ಅಯೋಡಿನ್ ಹೋದರೆ ಕೆಲವರಲ್ಲಿ ಅದು ಮಿತಿಮೀರಿ ಕೆಲಸಕ್ಕೆ ಇಳಿದು ಎದೆ ಬಡಿತ ಏರುತ್ತದೆ.

ನರಗುಂದದ ಅಜ್ಜಿಯೊಬ್ಬರು

ತಮ್ಮಾ, ನನಗೂ ಥೈರಾಯ್ಡ್ ಐತಿ. 11 ಇತ್ತು, ಈಗ ಮೂರಕ್ಕ ಬಂದೈತಿ. ಮುಂಜಾನೆ ಖಾಲಿ ಹೊಟ್ಟೀಲೆ ಗುಳಿಗಿ ತಗೊಂಡು ಅರ್ಧ ತಾಸು ಚಹಾ ಕುಡಿಯಂಗಿಲ್ಲ. ನಿನ್ನ ಹೆಣ್ತಿಗೂ ಅದ ಗುಳಿಗಿ ಚಾಲೂ ಮಾಡು, ಕಮ್ಮಿ ಆಗ್ತೈತಿ.

ತಜ್ಞೆ

ಅಜ್ಜಿ, ನೀವು ಗುಳಿಗೆ ತಗೊಳ್ಳುವ ರೀತಿ ಬಹಳ ಸರಿ, ಅದನ್ನ ಬಿಡಬೇಡ್ರಿ. ಆದರೆ ನಿಮ್ಮ ಗ್ರಂಥಿ ಕೆಲಸ ಕಡಿಮೆ ಮಾಡುತ್ತಿತ್ತು, ಈ ತಂಗಿಯದು ಸರಿಯಾಗಿ ಮಾಡುತ್ತಿದೆ. ಆಕೆಗೆ ಅದೇ ಗುಳಿಗೆ ಕೊಟ್ಟರೆ ಎದೆ ಢವಢವ ಅನ್ನುತ್ತದೆ, ವರ್ಷಗಟ್ಟಲೆ ತಗೊಂಡರೆ ಎಲುಬು ಸವೆಯುತ್ತವೆ, ಗಂಟು ಇಳಿದೀತೆನ್ನುವ ಭರವಸೆಯೂ ಇಲ್ಲ. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಬೇಡ.

ಬೆಟಗೇರಿಯವರು (ಒಂಬತ್ತು ದಿನದ ಮ್ಯಾಲೆ)

ಮೇಡಂ, ಅಲ್ಟ್ರಾಸೌಂಡ್ ಆತ್ರಿ. ಬಲಗಡೆ 21 ಮಿಲಿಮೀಟರ್ ಗಂಟು, ಟೈರಾಡ್ಸ್ 4 ಅಂತ ಬರದಾರ. ಸೂಜಿ ಹಾಕಿ ನೋಡಬೇಕಂತ. ನಮ್ಮವ್ವ "ಸೂಜಿ ಚುಚ್ಚಿದರ ರೋಗ ಮೈತುಂಬ ಹರಡ್ತೈತಿ" ಅಂತ ಅಳಾಕತ್ಯಾಳ. ಈಕೀನೂ ಅಂಜ್ಯಾಳ. 4 ಅಂದ್ರ ನಾಲ್ಕನೇ ಸ್ಟೇಜ್ ಏನ್ರಿ?

ತಜ್ಞೆ

ಅಲ್ಲ, ಅಲ್ಲ! ಮೊದಲು ಮನೆಯಲ್ಲಿ ಇದನ್ನ ಹೇಳ್ರಿ. ಅದು ಸ್ಟೇಜ್ ಅಲ್ಲ. ಚಿತ್ರದಲ್ಲಿ ಕಂಡ ರೂಪಕ್ಕೆ 1ರಿಂದ 5ರವರೆಗೆ ಕೊಡುವ ಅಂಕ. 4 ಅಂದರೆ ಮಧ್ಯಮ ಅನುಮಾನ. ಅದರಲ್ಲೂ ಹೆಚ್ಚಿನವು ಸಾದಾ ಗಂಟೇ ಆಗಿ ಹೊರಬೀಳುತ್ತವೆ. 4 ಬಂದು ಗಂಟು 15 ಮಿಲಿಮೀಟರ್ ದಾಟಿದ್ದರೆ ಸೂಜಿ ಪರೀಕ್ಷೆ ಮಾಡುತ್ತೇವೆ. ನಿಮ್ಮದು 21, ಅವರು ಹೇಳಿದ್ದು ಸರಿ.

ಸೂಜಿ ಅಂದರೆ ರಕ್ತ ತೆಗೆಯುವ ಸೂಜಿಯಷ್ಟೇ, ಬಹಳ ಸಲ ಅದಕ್ಕಿಂತ ಸಣ್ಣದು. ಮಲಗಿಸಿ, ಭುಜದ ಕೆಳಗೆ ದಿಂಬಿಟ್ಟು, ಪರದೆಯಲ್ಲಿ ಗಂಟನ್ನು ನೋಡುತ್ತಲೇ ಎರಡು ಮೂರು ಸಲ ಹಾಕುತ್ತಾರೆ. ಸೂಜಿ ಒಳಗಿದ್ದಾಗ ನುಂಗಬಾರದು, ಮಾತಾಡಬಾರದು, ಯಾಕಂದರೆ ನುಂಗಿದರೆ ಗಂಟು ಜಾಗ ಬಿಡುತ್ತದೆ. ಆಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದು ಅವತ್ತೇ ಮನೆಗೆ ಬರುತ್ತೀರಿ. ರಕ್ತ ತೆಳುವಾಗಿಸುವ ಗುಳಿಗೆ ಏನಾದರೂ ತಗೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಹರಡುತ್ತದೆ ಅನ್ನುವ ಹೆದರಿಕೆಗೆ ಪರೀಕ್ಷೆ ತಪ್ಪಿಸಬೇಡಿ. ಇಷ್ಟು ಸಣ್ಣ ಸೂಜಿಯಿಂದ ಹಾಗಾಗುವುದು ಅತಿ ಅಪರೂಪ. ನಿಮ್ಮವ್ವನ ಮುಂದೆ ಈ ಮಾತು ಓದಿ ಹೇಳ್ರಿ.

ಒಂದು ಮಾತು ಮುಂಚೆಯೇ ಗೊತ್ತಿರಲಿ. ಕೆಲವೊಮ್ಮೆ ಜೀವಕೋಶ ಸಾಲಲಿಲ್ಲ ಅಂತ, ಇಲ್ಲವೇ ಇತ್ಲಾಗೂ ಅಲ್ಲ ಅತ್ಲಾಗೂ ಅಲ್ಲ ಅನ್ನುವ ಉತ್ತರ ಬರುತ್ತದೆ. ಆಗ ಇನ್ನೊಮ್ಮೆ ಸೂಜಿ ಹಾಕಬೇಕಾಗಬಹುದು.

ಅಷ್ಟರಲ್ಲಿ ದನಿ ಒಡೆದರೆ, ರೊಟ್ಟಿ ನುಂಗುವಾಗ ಸಿಕ್ಕಿದಂತಾದರೆ, ಗಂಟು ವಾರದಲ್ಲಿ ದೊಡ್ಡದಾದಂತೆ ಕಂಡರೆ ತಾರೀಖಿಗೆ ಕಾಯದೆ ತೋರಿಸಿ. ಉಸಿರು ಎಳೆಯುವಾಗ ಸೀಟಿಯಂಥ ಸಪ್ಪಳ ಬಂದರೆ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಬೆಟಗೇರಿಯವರು

ಓದಿ ಹೇಳಿದೆ ಮೇಡಂ. ಅವ್ವ ಸುಮ್ಮನಾದಳು, ತಾನೂ ಸಂಗಾಟ ಬರ್ತೀನಿ ಅಂದಾಳ. ಗುರುವಾರ ಮುಂಜಾನೆ ಸೂಜಿ. ರಿಪೋರ್ಟ್ ಬಂದ ಕೂಡ್ಲೆ ಇಲ್ಲೇ ಹಾಕ್ತೀನ್ರಿ.